ಹಿತ್ತಲ ಮಡಿಯ ಸೇವಂತಿಗೆ: ಅಕಾಲದಲ್ಲಿ ಮೊಗ್ಗು ಕಟ್ಟಿದ ಸಸಿಗಳ ಒಂದು ಪ್ರಕರಣ

ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆಯ ಅಂಗಳ ಮತ್ತು ಹಿತ್ತಲನ್ನೇ ನರ್ಸರಿ ಮಾಡಿಕೊಂಡಿರುವ ಹೆಣ್ಣುಮಗಳೊಬ್ಬರಿದ್ದಾರೆ. ಸುತ್ತಲಿನವರಿಗೆಲ್ಲ ಅವರು ನರ್ಸರಿ ಅಕ್ಕ. ದಾಸವಾಳ, ಗುಲಾಬಿ, ಕರಿಬೇವು, ಚೆಂಡು ಹೂವಿನ ಸಸಿ ಎಲ್ಲವೂ ಅವರಲ್ಲಿ ಸಿಗುತ್ತವೆ. ಆದರೆ ಮನೆಗೆ ಹಣ ತರುವುದು ಸೇವಂತಿಗೆ. ತಾಯಿ ಗಿಡದ ಕುಡಿಗಳನ್ನು ಚಿವುಟಿ, ಟ್ರೇಗಳಲ್ಲಿ ಬೇರು ಬರಿಸಿ, ಒಂದೊಂದನ್ನು ಎರಡು ರೂಪಾಯಿಯಂತೆ ರೈತರಿಗೆ ಕೊಡುತ್ತಾರೆ. ಒಂದು ಅಕ್ಟೋಬರ್ ನಡುವಿನಲ್ಲಿ ಪಕ್ಕದ ಊರಿನ ರೈತರೊಬ್ಬರಿಗೆ 98 ಗುಳಿಗಳ 50 ಟ್ರೇ, ಅಂದರೆ 4,900 ಸಸಿ ಹೋದವು. ಸುಮಾರು ಎಂಟು ಗುಂಟೆಗೆ ಆಗುವಷ್ಟು. ಗೂಡ್ಸ್ ಆಟೋದಲ್ಲಿ ಒಂದು ದಿನ 25 ಟ್ರೇ, ಮರುದಿನ 25 ಟ್ರೇ. ರೈತರು ಮೊದಲ ದಿನ ಬಂದದ್ದನ್ನು ಹೊಲದ ಪೂರ್ವದ ಅರ್ಧಕ್ಕೆ, ಎರಡನೆಯದನ್ನು ಪಶ್ಚಿಮದ ಅರ್ಧಕ್ಕೆ ನೆಟ್ಟರು.

ಮೂರು ವಾರ ಕಳೆದ ಮೇಲೆ ಅವರು ನರ್ಸರಿಯ ಬಾಗಿಲಿಗೆ ಬಂದು ನಿಂತರು. ಪೂರ್ವದ ಅರ್ಧ ಚೆನ್ನಾಗಿ ಎದ್ದಿತ್ತು. ಪಶ್ಚಿಮದ ಅರ್ಧದಲ್ಲಿ ಗಿಡ ಒಂದು ಗೇಣೂ ಬೆಳೆದಿರಲಿಲ್ಲ, ಆಗಲೇ ಮೊಗ್ಗು ಬಂದಿತ್ತು. "ಅಕ್ಕ, ಎರಡನೇ ದಿನ ಕಳಿಸಿದ್ದು ಬೇರೆ ತಳಿ. ಟ್ರೇ ಕಡಿಮೆ ಬಿತ್ತೆಂದು ಇನ್ನೆಲ್ಲಿಂದಲೋ ತಂದು ಸೇರಿಸಿದ್ದೀರಿ" ಎಂಬುದು ಅವರ ಆರೋಪ. "ಅಣ್ಣ, ಎರಡೂ ಒಂದೇ ಗಿಡದಿಂದ ಮಾಡಿಕೊಂಡವು. ನಿಮ್ಮ ಹೊಲದಲ್ಲಿ ಬಲ್ಬು ಸರಿಯಾಗಿ ಉರಿದಿಲ್ಲ" ಎಂಬುದು ಅಕ್ಕನ ಉತ್ತರ. ಇಬ್ಬರೂ ನನಗೆ ಬೇಕಾದವರು. ಹೊಲ ನೋಡಲು ಹೋಗಬೇಕಾಯಿತು.

ಬಲ್ಬಿನ ಮಾತು ಯಾಕೆ ಬಂತೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಚಿಕ್ಕಬಳ್ಳಾಪುರದ ಸುತ್ತ ರಾತ್ರಿ ಬಸ್ಸಿನಲ್ಲಿ ಹೋದರೆ ಹೊಲಗಳ ತುಂಬ ಸಾಲು ಸಾಲು ದೀಪ ಕಾಣುತ್ತವೆ. ಸೇವಂತಿಗೆ ರಾತ್ರಿಯ ಉದ್ದವನ್ನು ನೋಡಿ ಹೂವಿಗೆ ತಿರುಗುವ ಗಿಡ. ಕತ್ತಲು ಎಡೆಬಿಡದೆ ಉದ್ದವಾಗಿ ಸಿಕ್ಕರೆ ಮೊಗ್ಗು ಕಟ್ಟುತ್ತದೆ, ಸಿಗದಿದ್ದರೆ ಕಾಂಡ ಮತ್ತು ಎಲೆ ಬೆಳೆಸುತ್ತದೆ. ಚಳಿಗಾಲದಲ್ಲಿ ನೆಟ್ಟವರು ಮೊದಲ ಮೂವತ್ತು ನಲವತ್ತು ರಾತ್ರಿ ದೀಪ ಹಾಕಿ ಗಿಡವನ್ನು ಎತ್ತರಕ್ಕೆ ಬರಿಸಿಕೊಳ್ಳುತ್ತಾರೆ, ಆಮೇಲೆ ದೀಪ ಆರಿಸಿ ಹೂ ಬಿಡಿಸುತ್ತಾರೆ.

ಹೊಲದಲ್ಲಿ ಮೊದಲು ಬಲ್ಬಿನ ಲೆಕ್ಕವನ್ನೇ ಹಿಡಿದೆವು. 9 ವ್ಯಾಟ್‌ನ ಎಲ್‌ಇಡಿ ಬಲ್ಬುಗಳು, ಹತ್ತಡಿಗೊಂದು, ಗಿಡದಿಂದ ಐದಾರು ಅಡಿ ಮೇಲೆ. ಸಂಜೆ ಆರರಿಂದ ಹತ್ತರವರೆಗೆ ಉರಿಯುತ್ತಿದ್ದವು. ಎರಡೂ ಅರ್ಧಕ್ಕೆ ಒಂದೇ ತಂತಿ, ಒಂದೇ ಸ್ವಿಚ್ಚು. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಗಿಡದ ತುದಿಯ ಮಟ್ಟದಲ್ಲಿ ಹಿಡಿದರೆ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಅಂಕಿ ಬಂತು, ನೂರು ಲಕ್ಸ್ ಆಸುಪಾಸು. ಮೊಬೈಲಿನ ಅಳತೆ ಅಷ್ಟು ನಿಖರವಲ್ಲ, ಆದರೆ ಎರಡು ಜಾಗವನ್ನು ಹೋಲಿಸಿ ನೋಡಲು ಸಾಕು. ಸೇವಂತಿಗೆಯನ್ನು ಹೂವಿಗೆ ತಿರುಗದಂತೆ ತಡೆಯಲು ಅಷ್ಟು ಬೆಳಕು ಸಾಕು. ರೈತರ ಬಲ್ಬಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಗೊಬ್ಬರವೂ ಒಂದೇ ಹನಿ ನೀರಾವರಿಯ ಪೈಪಿನಲ್ಲಿ ಬರುತ್ತಿತ್ತು. ಎಲೆಯಲ್ಲಿ ನಂಜು ರೋಗದ ಮಚ್ಚೆಯಾಗಲಿ ಮುದುಡುವಿಕೆಯಾಗಲಿ ಇರಲಿಲ್ಲ. ತಳಿಯ ಅನುಮಾನಕ್ಕೆ ಬುಡದ ಎಲೆಗಳೇ ಉತ್ತರ ಹೇಳಿದವು: ಎರಡೂ ಕಡೆ ಬುಡದ ಎಲೆಯ ಸೀಳು, ಅಂಚಿನ ಹಲ್ಲು, ತೊಟ್ಟಿನ ಬಣ್ಣ ಎಲ್ಲ ಒಂದೇ.

ವ್ಯತ್ಯಾಸವಿದ್ದದ್ದು ತುದಿಯಲ್ಲಿ. ಪಶ್ಚಿಮದ ಗಿಡವೊಂದನ್ನು ಬುಡದಿಂದ ಮೇಲಕ್ಕೆ ಎಲೆ ಎಲೆಯಾಗಿ ನೋಡುತ್ತಾ ಹೋದರೆ ಕಥೆ ಓದಿದಂತೆ ತಿಳಿಯುತ್ತದೆ. ಕೆಳಗಿನ ಎಲೆಗಳಿಗೆ ಸೇವಂತಿಗೆಯ ಎಂದಿನ ಸೀಳುಗಳಿವೆ. ಮೇಲೆ ಹೋದಂತೆ ಸೀಳು ಕಡಿಮೆಯಾಗುತ್ತದೆ. ತುದಿಯ ಎರಡು ಮೂರು ಎಲೆಗಳಿಗೆ ಸೀಳೇ ಇಲ್ಲ, ಪಟ್ಟಿಯ ಹಾಗೆ ಕಿರಿದಾಗಿ ಉದ್ದಕ್ಕಿವೆ. ಅವುಗಳ ನಡುವೆ ಮೆಣಸಿನ ಕಾಳಿನಷ್ಟು ಒಂದು ಮೊಗ್ಗು, ಹಸಿರಾಗಿ, ಗಟ್ಟಿಯಾಗಿ, ಅರಳುವ ಯಾವ ಸೂಚನೆಯೂ ಇಲ್ಲದೆ ಕುಳಿತಿದೆ. ಅದರ ಕೆಳಗಿನ ಎಲೆಗಳ ಸಂದಿಯಿಂದ ಪಕ್ಕದ ಕುಡಿಗಳು ಮೊಗ್ಗನ್ನೂ ಮೀರಿ ಮೇಲೇಳಲು ಹವಣಿಸುತ್ತಿವೆ.

ಉದ್ದ ರಾತ್ರಿ ಸಿಕ್ಕಿ ಮೊಗ್ಗು ಹುಟ್ಟಿದ ಮೇಲೆ ಮತ್ತೆ ದೀಪದ ಕೆಳಗೆ ಬಂದ ಗಿಡದ ಗುರುತು ಇದು. ಹೊಲದಲ್ಲಿ ದೀಪ ಉರಿಯದೆಯೇ ಇದ್ದಿದ್ದರೆ ಮೊಗ್ಗು ನಿಲ್ಲದೆ ಬೆಳೆದು, ಕುಳ್ಳ ಗಿಡದಲ್ಲೇ ಅರಳಿಬಿಡುತ್ತಿತ್ತು. ಹೀಗೆ ಅರ್ಧಕ್ಕೆ ಸಿಕ್ಕಿಕೊಂಡು ಕುಳಿತಿದೆಯೆಂದರೆ ಹುಟ್ಟಿದ್ದು ಕತ್ತಲಲ್ಲಿ, ತಡೆದದ್ದು ಈ ಹೊಲದ ಬೆಳಕು. ಕತ್ತಲು ಸಿಕ್ಕಿದ್ದು ಹೊಲಕ್ಕೆ ಬರುವ ಮುಂಚೆ. ಇಷ್ಟು ಗೊತ್ತಾದ ಮೇಲೆ ಮಾತು ನರ್ಸರಿಗೆ ತಿರುಗಿತು. ಅಕ್ಕನಿಗೆ ಅದು ಹಿಡಿಸಲಿಲ್ಲ. ಆಗಸ್ಟ್‌ನಲ್ಲಿ ಇದೇ ತಾಯಿ ಗಿಡಗಳಿಂದ ಕೊಟ್ಟ ಸಸಿಗೆ ಯಾರೂ ಚಕಾರ ಎತ್ತಿರಲಿಲ್ಲ.

ಅಕ್ಕನ ನರ್ಸರಿಯಲ್ಲಿ ತಾಯಿ ಗಿಡದ ಮಡಿಗಳು ಎರಡು. ಒಂದು ಮನೆ ಮುಂದೆ, ರಸ್ತೆಯ ಬೇಲಿಗೆ ಒತ್ತಿಕೊಂಡು, ಇನ್ನೊಂದು ಹಿತ್ತಲಿನಲ್ಲಿ. ಎರಡೂ ನಾಲ್ಕಡಿ ಅಗಲ, ಐವತ್ತು ಅಡಿ ಮೀರಿದ ಉದ್ದ, ಒಂದೊಂದರಲ್ಲಿ ಎಂಟುನೂರರಷ್ಟು ಗಿಡ. ಕೆಲಸದ ಕ್ರಮದಲ್ಲಿ ನನಗೆ ಕುಂದು ಕಾಣಲಿಲ್ಲ. ಎರಡರಿಂದ ಮೂರು ಇಂಚಿನ ಎಳೆಯ ಕುಡಿಯನ್ನು ಬೆಳಗಿನ ಹೊತ್ತು ಚಿವುಟುತ್ತಾರೆ, ಕೆಳಗಿನ ಎಲೆ ತೆಗೆಯುತ್ತಾರೆ, ಬುಡವನ್ನು ಬೇರು ಬರಿಸುವ ಪುಡಿಗೆ ತಾಗಿಸಿ, ತೊಳೆದ ಕೋಕೋಪೀಟ್ ತುಂಬಿದ ಟ್ರೇಗೆ ಊರುತ್ತಾರೆ. ಟ್ರೇಗಳು ಮನೆಯ ಪಕ್ಕದ ಪ್ಲಾಸ್ಟಿಕ್ ಗೂಡಿನಲ್ಲಿ ಹತ್ತು ಹನ್ನೆರಡು ದಿನ ಇರುತ್ತವೆ, ಬೇರು ಕಂಡ ಮೇಲೆ ಹೊರಗೆ ನೆರಳು ಬಲೆಯಡಿ ಮತ್ತೆ ಅಷ್ಟೇ ದಿನ ಗಟ್ಟಿಯಾಗುತ್ತವೆ.

ವಿತರಣೆಯ ಪುಸ್ತಕ ತೆಗೆಸಿದೆ. ಅಕ್ಕ ಅದನ್ನು ಅಚ್ಚುಕಟ್ಟಾಗಿ ಬರೆಯುತ್ತಾರೆ, ಇಡೀ ಪ್ರಕರಣ ಬಗೆಹರಿದದ್ದೇ ಅದರಿಂದ. ಮೊದಲ ದಿನದ 25 ಟ್ರೇ ಮುಂದಿನ ಮಡಿಯ ಕುಡಿಗಳು, ಎರಡನೇ ದಿನದವು ಹಿತ್ತಲ ಮಡಿಯವು. ಕುಡಿ ಚಿವುಟಿದ್ದು ಎರಡು ಕಡೆಯೂ ಸೆಪ್ಟೆಂಬರ್ ಮೂರನೆಯ ವಾರದಲ್ಲಿ. ಟ್ರೇ ಹೊತ್ತು ತಿರುಗುವುದು ಬೆನ್ನು ಮುರಿಯುವ ಕೆಲಸವಾದ್ದರಿಂದ ಮುಂದಿನ ಮಡಿಯ ಟ್ರೇಗಳನ್ನು ಗಟ್ಟಿಯಾಗಲು ಮುಂದೆಯೇ, ಹಿತ್ತಲಿನವನ್ನು ಹಿತ್ತಲಿನಲ್ಲೇ ಇಟ್ಟಿದ್ದರು.

ಹಾಗಾದರೆ ಮುಂದಕ್ಕೂ ಹಿಂದಕ್ಕೂ ಏನು ವ್ಯತ್ಯಾಸ? ನೀರು ಒಂದೇ, ಮಣ್ಣು ಒಂದೇ, ಗೊಬ್ಬರ ಒಂದೇ. ಉತ್ತರ ಬಂದದ್ದು ಅಕ್ಕನ ಅತ್ತೆಯಿಂದ. ಜಗುಲಿಯ ಮೇಲೆ ಕುಳಿತು ನಮ್ಮ ಮಾತು ಕೇಳುತ್ತಿದ್ದ ಅವರು, "ಆ ಕಂಬದ ಕೆಳಗೆ ಅವರೆ ಹಾಕಿದರೂ ಅಷ್ಟೇ, ಬರೀ ಸೊಪ್ಪು. ಹೂವೇ ಬಿಡುವುದಿಲ್ಲ" ಎಂದರು. ರಸ್ತೆಯ ಬೀದಿದೀಪದ ಕಂಬ ಮುಂದಿನ ಮಡಿಯ ತಲೆಯ ಮೇಲೇ ಇತ್ತು. ನಮ್ಮ ನಾಟಿ ಅವರೆಯೂ ರಾತ್ರಿ ಉದ್ದವಾದಾಗಲೇ ಹೂ ಬಿಡುವ ಗಿಡ. ಚಳಿ ಬಂದಾಗ ಅವರೆ ಬರುವುದು ಅದಕ್ಕೇ. ಹೆಬ್ಬಾಳ ಅವರೆಯ ತಳಿಗಳಿಗೆ ಈ ಕಟ್ಟುಪಾಡಿಲ್ಲ, ಅದಕ್ಕೇ ಅವು ವರ್ಷವಿಡೀ ಬರುತ್ತವೆ. ಅಜ್ಜಿ ಹಾಕಿದ್ದು ನಾಟಿ ಬೀಜ.

ಆ ದಿನ ಕತ್ತಲಾಗುವವರೆಗೆ ಅಲ್ಲೇ ಉಳಿದೆವು. ಎಂಟು ಗಂಟೆಗೆ ಮುಂದಿನ ಮಡಿಯ ಪಕ್ಕ ನಿಂತರೆ ವಿತರಣೆಯ ಪುಸ್ತಕದ ಅಕ್ಷರಗಳನ್ನು ಓದಬಹುದಿತ್ತು. ಹಿತ್ತಲಿಗೆ ಹೋದರೆ ನಮ್ಮ ಕೈ ನಮಗೇ ಕಾಣುತ್ತಿರಲಿಲ್ಲ. ಬೀದಿದೀಪ ಅಕ್ಕನಿಗೆ ಗೊತ್ತಿಲ್ಲದೆಯೇ ಮುಂದಿನ ಮಡಿಗೂ ಅಲ್ಲಿಟ್ಟ ಟ್ರೇಗಳಿಗೂ ರಾತ್ರಿಯಿಡೀ ಕಾವಲು ಕಾದಿತ್ತು.

ಇನ್ನು ಆಗಸ್ಟ್‌ನ ಸಸಿ ಯಾಕೆ ಕೆಡಲಿಲ್ಲ ಎಂಬುದು. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಯಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಸೂರ್ಯ ಹುಟ್ಟುವ ಮುಂಚಿನ ಮತ್ತು ಮುಳುಗಿದ ನಂತರದ ಮಬ್ಬು ಬೆಳಕನ್ನೂ ಸೇರಿಸಿದರೆ ಹದಿಮೂರೂವರೆಯಷ್ಟಾಗುತ್ತದೆ. ಬಹಳಷ್ಟು ಸೇವಂತಿಗೆ ತಳಿಗಳು ಹೂವಿಗೆ ತಿರುಗುವ ಗಡಿ ಸರಿಸುಮಾರು ಅಲ್ಲೇ ಇದೆ. ಆದ್ದರಿಂದ ಬೇಸಿಗೆಯಿಂದ ಜುಲೈವರೆಗೆ, ಕುಡಿ ಚಿವುಟುತ್ತಲೂ ಇದ್ದರೆ, ತಾಯಿ ಗಿಡ ದೀಪವಿಲ್ಲದೆಯೂ ಹೇಗೋ ಎಲೆಯಲ್ಲೇ ನಡೆಯುತ್ತದೆ. ಸೆಪ್ಟೆಂಬರ್ ಮೂರನೆಯ ವಾರಕ್ಕೆ ಹಗಲು ರಾತ್ರಿ ಸಮಕ್ಕೆ ಬರುತ್ತವೆ, ಡಿಸೆಂಬರ್‌ಗೆ ಹಗಲು 11 ಗಂಟೆ 20 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಆಗಸ್ಟ್‌ನಲ್ಲಿ ಮಾರಿದ ಸಸಿಯ ಕುಡಿ ಚಿವುಟಿದ್ದು ಜುಲೈನಲ್ಲಿ. ಅಕ್ಟೋಬರ್‌ನ ಸಸಿಯ ಕುಡಿ ಚಿವುಟಿದ್ದು ರಾತ್ರಿಗಳು ಆಗಲೇ ಉದ್ದವಾದ ಮೇಲೆ.

ಇಲ್ಲಿ ಕಣ್ಣು ತಪ್ಪುವ ವಿಷಯ ಇನ್ನೊಂದಿದೆ. ಹೂವಿಗೆ ತಿರುಗುವ ತೀರ್ಮಾನ ತುದಿಯ ಒಳಗೆ ಕೆಲವೇ ಉದ್ದ ರಾತ್ರಿಗಳಲ್ಲಿ ಆಗಿಬಿಡುತ್ತದೆ, ಬರಿಗಣ್ಣಿಗೆ ಮೊಗ್ಗು ಕಾಣಲು ಎರಡು ಮೂರು ವಾರ ಬೇಕು. ಹಾಗಾಗಿ ಚಿವುಟುವ ದಿನ ಕುಡಿ ಚೊಕ್ಕವಾಗಿಯೇ ಕಾಣುತ್ತದೆ. ಆಮೇಲೆ ಟ್ರೇಯಲ್ಲಿ ಕಳೆಯುವ ಇಪ್ಪತ್ತಕ್ಕೂ ಹೆಚ್ಚು ರಾತ್ರಿಗಳು. ಬೇರಿಲ್ಲದ ಮೊದಲ ಹತ್ತು ಹನ್ನೆರಡು ದಿನ ಕುಡಿ ಅರೆಜೀವದಲ್ಲಿರುವುದರಿಂದ ಎಲ್ಲವೂ ನಿಧಾನ, ಬೇರು ಬಂದ ಮೇಲೆ ಕತ್ತಲಿನ ಲೆಕ್ಕ ಚುರುಕಾಗುತ್ತದೆ. ಹಿತ್ತಲ ಸಸಿಗಳಿಗೆ ತಾಯಿಯ ಮಡಿಯಲ್ಲೂ ಕತ್ತಲು, ಟ್ರೇಯಲ್ಲೂ ಕತ್ತಲು. ಸೇವಂತಿಗೆ ಬೆಳೆಯುವ ಎಷ್ಟೋ ಮಂದಿ ಹೊಲಕ್ಕೆ ದೀಪ ಹಾಕುವುದನ್ನು ಕಲಿತಿದ್ದಾರೆ, ಆದರೆ ಸಸಿ ಮಾಡುವ ಮನೆಗಳಲ್ಲಿ ತಾಯಿ ಮಡಿಗೆ ದೀಪ ಹಾಕಿದವರು ನನಗೆ ಕಂಡದ್ದು ಕಡಿಮೆ. ಟ್ರೇಗೆ ಹಾಕಿದವರು ಇನ್ನೂ ಕಡಿಮೆ.

ಅಕ್ಕನಿಗೆ ಇದನ್ನು ಮಾತಿನಲ್ಲಿ ಒಪ್ಪಿಸುವುದಕ್ಕಿಂತ ತೋರಿಸುವುದು ಸುಲಭವಾಯಿತು. ಎರಡೂ ಮಡಿಯಿಂದ ಇಪ್ಪತ್ತಿಪ್ಪತ್ತು ಕುಡಿ ಚಿವುಟಿ ತಂದೆವು. ಎಳೆಯ ಎಲೆಗಳನ್ನು ಸೂಜಿಯಿಂದ ಒಂದೊಂದಾಗಿ ಕಿತ್ತು, ಉಳಿದ ತುದಿಯನ್ನು ಹೊಸ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಬೇಕು. ಎಲೆಯಲ್ಲೇ ಇರುವ ಕುಡಿಯಾದರೆ ನಡುವೆ ಚಿಕ್ಕದೊಂದು ಚಪ್ಪಟೆ ತುದಿ, ಅದನ್ನು ಮುಚ್ಚಿಕೊಂಡ ಎಲೆಯ ಮೊಳಕೆಗಳು ಮಾತ್ರ. ಹೂವಿಗೆ ತಿರುಗಿದ್ದಾದರೆ ಆ ತುದಿ ಅಗಲಿಸಿ ಗುಮ್ಮಟದ ಹಾಗೆ ಉಬ್ಬಿರುತ್ತದೆ. ಸ್ವಲ್ಪ ಮುಂದುವರಿದಿದ್ದರೆ ಉಬ್ಬಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳ ಸಾಲು ಕಾಣುತ್ತದೆ, ಅವೇ ಮುಂದೆ ಹೂವಿನ ಎಸಳಾಗುವುವು. ಹಿತ್ತಲಿನ ಇಪ್ಪತ್ತರಲ್ಲಿ ಬಹುಪಾಲು ಉಬ್ಬಿದ್ದವು. ಮುಂದಿನ ಮಡಿಯಲ್ಲಿ ಹೆಚ್ಚಿನವು ಚಪ್ಪಟೆ. ಅಕ್ಕ ಮಸೂರವನ್ನು ಕಣ್ಣಿಗೆ ಒತ್ತಿಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ಬಲ್ಬಿನ ಮಾತು ಎತ್ತಲಿಲ್ಲ.

ಮುಂದಿನ ಮಡಿಯಲ್ಲೂ ಮೂರು ನಾಲ್ಕು ಕುಡಿ ಉಬ್ಬಿದ್ದವೆಂಬುದನ್ನು ಬಿಡುವಂತಿಲ್ಲ. ರೈತರ ಪೂರ್ವದ ಅರ್ಧದಲ್ಲೂ ಅಲ್ಲೊಂದು ಇಲ್ಲೊಂದು ಕುಳ್ಳ ಗಿಡವಿತ್ತು. ವಿಚಾರಿಸಿದರೆ ಮುಂದಿನ ಮಡಿಯ ಒಂದು ತುದಿಯಲ್ಲಿ ಫೆಬ್ರವರಿಯಲ್ಲಿ ನೆಟ್ಟ ಹಳೆಯ ತಾಯಿ ಗಿಡಗಳನ್ನು ಹಾಗೇ ಉಳಿಸಿಕೊಂಡಿದ್ದರು, ಬಾಕಿಯೆಲ್ಲ ಜೂನ್‌ನವು. ಹಳೆಯವುಗಳ ಕಾಂಡ ಕಟ್ಟಿಗೆಯಂತಾಗಿತ್ತು, ಕುಡಿಗಳು ಸಣಕಲು. ವಯಸ್ಸಾದ ತಾಯಿ ಗಿಡದ ಕುಡಿ ಬೆಳಕಿದ್ದರೂ ಹೂವಿನ ಕಡೆ ವಾಲುತ್ತದೆ, ಮತ್ತೆ ಮತ್ತೆ ಚಿವುಟಿಸಿಕೊಂಡ ಗಿಡವಂತೂ ಇನ್ನೂ ಬೇಗ. ಮೂರು ನಾಲ್ಕು ತಿಂಗಳಾದ ತಾಯಿ ಗಿಡವನ್ನು ಕಿತ್ತು ಹೊಸದು ನೆಡಬೇಕು. ಆದರೆ ಬೆಳೆದು ನಿಂತ ಗಿಡ ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ, ಅಕ್ಕನಿಗೂ ಬಂದಿರಲಿಲ್ಲ.

ತೀರ್ಮಾನ ಎರಡು ಕಡೆ ಆಗಬೇಕಿತ್ತು. ರೈತರ ಹೊಲದ್ದು ತುರ್ತಿನದು. ಅರ್ಧಕ್ಕೆ ನಿಂತ ಮೊಗ್ಗನ್ನು ಕಾಯುತ್ತ ಕುಳಿತರೆ ಲಾಭವಿಲ್ಲ. ಮೊಗ್ಗಿನ ಜೊತೆಗೆ ಅದರ ಕೆಳಗಿನ ಪಟ್ಟಿ ಎಲೆಗಳನ್ನೂ ಸೇರಿಸಿ ಚಿವುಟಿ, ಸೀಳಿರುವ ಐದಾರು ಒಳ್ಳೆಯ ಎಲೆ ಉಳಿಸಿದರೆ ಕೆಳಗಿನ ಸಂದಿಗಳಿಂದ ಹೊಸ ಕುಡಿ ಬರುತ್ತದೆ. ಆ ಸಂದಿಯ ಮೊಳಕೆಗಳು ಇನ್ನೂ ಎಲೆಯಲ್ಲೇ ಇದ್ದರೆ ಮಾತ್ರ ಇದು ಫಲಿಸುತ್ತದೆ. ಅವೂ ಹೂವಿಗೆ ತಿರುಗಿದ್ದರೆ ಚಿವುಟಿದಷ್ಟೂ ಮೊಗ್ಗೇ. ರೈತರು ಪಶ್ಚಿಮದ ಅರ್ಧವನ್ನೆಲ್ಲ ಚಿವುಟಿಸಿ, ಆ ಕಡೆಗೆ ಸ್ವಲ್ಪ ಸಾರಜನಕ ಕೊಟ್ಟು, ದೀಪವನ್ನು ಇನ್ನೂ ಮೂರು ವಾರ ಮುಂದುವರಿಸಿದರು. ಇದಕ್ಕಾಗಿ ತಂತಿಯನ್ನು ಎರಡು ಭಾಗ ಮಾಡಬೇಕಾಯಿತು, ಏಕೆಂದರೆ ಪೂರ್ವದ ಅರ್ಧಕ್ಕೆ ನವೆಂಬರ್ ಕೊನೆಯಲ್ಲಿ ದೀಪ ಆರಿಸಲೇಬೇಕಿತ್ತು. ಪಶ್ಚಿಮದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಗಿಡ ಚೇತರಿಸಿಕೊಂಡವು. ಉಳಿದವನ್ನು ಕಿತ್ತು, ಮುಂದಿನ ಮಡಿಯ ಸಸಿಗಳನ್ನು ನೆಟ್ಟರು.

ಹಣದ ಮಾತಿಗೆ ಊರಿನ ಹಿರಿಯರೊಬ್ಬರು ಕುಳಿತರು. ರೈತರು ಕೇಳಿದ್ದು ಎರಡನೇ ದಿನದ ಸಸಿಯ ಪೂರ್ತಿ 4,900 ರೂಪಾಯಿ. ಅಕ್ಕ ಕೊಟ್ಟದ್ದು ಬದಲಿ ನೆಡಲು ಬೇಕಾದ ಸಸಿ ಪುಕ್ಕಟೆ, ಚಿವುಟಿದ ಕೂಲಿಯ ಹಣ, ಮುಂದಿನ ಖರೀದಿಯಲ್ಲಿ 1,500 ರೂಪಾಯಿ ಕಡಿತ. ರೈತರು ಒಪ್ಪಿದರು. ತಳಿ ಬದಲಿಸಿಲ್ಲವೆಂಬುದು ಅವರ ಕಣ್ಣಿಗೇ ಕಂಡಿದ್ದರಿಂದ ಜಗಳದ ಬಿಸಿ ಇಳಿದಿತ್ತು ಎಂದು ನನ್ನ ಊಹೆ.

ನರ್ಸರಿಯಲ್ಲಿ ಆದ ಬದಲಾವಣೆಗೆ ಖರ್ಚು ನಾವಂದುಕೊಂಡದ್ದಕ್ಕಿಂತ ಕಡಿಮೆಯಾಯಿತು. ಎರಡೂ ತಾಯಿ ಮಡಿಗಳ ಮೇಲೆ ಎಂಟಡಿಗೊಂದರಂತೆ ಏಳೇಳು ಬಲ್ಬು, ಗೂಡು ಮತ್ತು ಟ್ರೇ ಗಟ್ಟಿಯಾಗುವ ಜಾಗಕ್ಕೆ ನಾಲ್ಕು, ಒಟ್ಟು 18. ಬಿಸಿ ಬಣ್ಣದ, ಅಂದರೆ ಹಳದಿ ಛಾಯೆಯ ಎಲ್‌ಇಡಿಗಳನ್ನೇ ಆರಿಸಿದೆವು, ಏಕೆಂದರೆ ಮೊಗ್ಗನ್ನು ತಡೆಯುವುದು ಮುಖ್ಯವಾಗಿ ಬೆಳಕಿನಲ್ಲಿರುವ ಕೆಂಪಿನ ಪಾಲು, ನೀಲಿ ಛಾಯೆಯ ಬಿಳಿ ಬಲ್ಬಿನಲ್ಲಿ ಅದು ಕಡಿಮೆ. ಟೈಮರ್ ಹಾಕಿ ರಾತ್ರಿ ಹತ್ತರಿಂದ ಎರಡರವರೆಗೆ ಉರಿಸುತ್ತಾರೆ. ಸಂಜೆಯಿಂದಲೇ ಉರಿಸಿದರೂ ನಡೆಯುತ್ತದೆ, ಆದರೆ ನಡುರಾತ್ರಿಯಲ್ಲಿ ಬೆಳಕು ಕೊಟ್ಟರೆ ಉದ್ದದ ಕತ್ತಲು ಎರಡು ಚಿಕ್ಕ ತುಂಡಾಗುತ್ತದೆ. ಒಂದರ್ಧ ಗಂಟೆ ಕರೆಂಟು ಹೋಗಿ ಬಂದರೂ ಅಷ್ಟು ಅಪಾಯವಿಲ್ಲ. ಹದಿನೆಂಟು ಬಲ್ಬು ನಾಲ್ಕು ಗಂಟೆ ಉರಿದರೆ ತಿಂಗಳಿಗೆ ಇಪ್ಪತ್ತು ಯೂನಿಟ್ ಒಳಗೇ. ಬೀದಿದೀಪವಿರುವ ಮುಂದಿನ ಮಡಿಗೂ ಬಲ್ಬು ಯಾಕೆಂದು ಅಕ್ಕನ ಯಜಮಾನರು ಕೇಳಿದರು. ಬೀದಿದೀಪ ಕೆಟ್ಟರೆ ಸರಿಪಡಿಸುವವರು ಬರುವಷ್ಟರಲ್ಲಿ ಸೇವಂತಿಗೆ ಅರಳಿರುತ್ತದೆ ಎಂದು ಅಕ್ಕನೇ ಉತ್ತರ ಕೊಟ್ಟರು. ಅಜ್ಜಿಯ ಅವರೆಯನ್ನು ಮಾತ್ರ ಬೆಳಕು ಬೀಳದ ಮೂಲೆಗೆ ದಾಟಿಸಬೇಕಾಯಿತು.

ಈಗ ಆಗಸ್ಟ್ ಹದಿನೈದರಿಂದ ಮಾರ್ಚ್‌ವರೆಗೆ ದೀಪ ತಪ್ಪದೆ ಉರಿಯುತ್ತದೆ. ದೊಡ್ಡ ಖರೀದಿಯ ಕುಡಿ ಚಿವುಟುವ ಮುನ್ನ ಆ ಮಡಿಯ ಇಪ್ಪತ್ತು ತುದಿಗಳನ್ನು ಸೀಳಿ ನೋಡುತ್ತಾರೆ, ಎರಡು ಉಬ್ಬಿದ್ದು ಕಂಡರೂ ಆ ಮಡಿಯಿಂದ ರೈತರಿಗೆ ಕೊಡುವುದಿಲ್ಲ. ಟ್ರೇಯ ಅಂಚಿಗೆ ಮಡಿಯ ಗುರುತನ್ನು ಬಣ್ಣದಲ್ಲಿ ಹಾಕುತ್ತಾರೆ. ಸಸಿ ಒಯ್ಯುವವರಿಗೆ, ನೆಟ್ಟ ರಾತ್ರಿಯಿಂದಲೇ ದೀಪ ಬೇಕೆಂದು ಬರೆದ ಚೀಟಿ ಕೊಡುತ್ತಾರೆ. ತಂತಿ ಎಳೆಯುವುದು ಒಂದು ವಾರ ತಡವಾದರೂ ಇದೇ ಕಥೆ ಹೊಲದಲ್ಲಿ ಶುರುವಾಗುತ್ತದೆ, ಆಗ ದೂರು ಬರುವುದು ಮತ್ತೆ ನರ್ಸರಿಗೇ. ದೀಪದಿಂದ ಎಲ್ಲವೂ ಸರಿಹೋಗುವುದಿಲ್ಲ ಎಂಬುದೂ ನಿಜ. ಬುಡ ಕೊಳೆತ ತಾಯಿ ಗಿಡದ ಕುಡಿ ಬೆಳಕಿನಲ್ಲೂ ಕೊಳೆಯುತ್ತದೆ, ತಳಿಯಿಂದ ತಳಿಗೆ ಬೆಳಕಿಗೆ ಬಾಗುವ ರೀತಿಯೂ ಬೇರೆ. ಹೊಸ ತಳಿ ತಂದರೆ ಒಂದು ಚಳಿಗಾಲ ಸ್ವಂತ ಮಡಿಯಲ್ಲಿ ನೋಡಿದ ಮೇಲೆಯೇ ಮಾರುವುದೆಂದು ಅಕ್ಕ ನಿಯಮ ಹಾಕಿಕೊಂಡಿದ್ದಾರೆ.

ಹಿತ್ತಲ ಮಡಿಯಲ್ಲಿ ಆ ನವೆಂಬರ್‌ನಲ್ಲಿ ಉಳಿದಿದ್ದ, ಆಗಲೇ ಹೂವಿಗೆ ತಿರುಗಿದ್ದ ಕುಡಿಗಳನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ರೈತರಿಗೆ ಅವು ನಿಷ್ಪ್ರಯೋಜಕ. ಆದರೆ ಮನೆಯಲ್ಲಿಡುವ ಕುಂಡಕ್ಕೆ ಬೇಕಾದದ್ದು ಅಂಥದ್ದೇ, ಕುಳ್ಳಗಿದ್ದು ಬೇಗ ಹೂ ಬಿಡುವ ಗಿಡ. ಬೇರು ಬರಿಸಿ ಆರು ಇಂಚಿನ ಕುಂಡಕ್ಕೆ ಮೂರರಂತೆ ನೆಟ್ಟು, ದೀಪದ ಕಡೆಗೆ ಸುಳಿಯಗೊಡದೆ ಹಿತ್ತಲ ಕತ್ತಲಲ್ಲೇ ಇಟ್ಟರು. ಸಂಕ್ರಾಂತಿಯ ಹೊತ್ತಿಗೆ ಅವು ಹೂ ಬಿಟ್ಟವು. ಕುಂಡಕ್ಕೆ 60 ರೂಪಾಯಿಯಂತೆ ಅಂಗಳದಲ್ಲೇ ಮಾರಾಟವಾದವು. ರೈತರಿಗೆ ಬಿಟ್ಟುಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ವಾಪಸು ಬಂತು. ಈಗ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಹಿತ್ತಲ ಮಡಿಯ ಕೊನೆಯ ಹತ್ತಡಿಯ ಮೇಲಿನ ಬಲ್ಬನ್ನು ಬಿಚ್ಚಿ, ನಡುವೆ ಕಪ್ಪು ತಾಡಪಾಲು ಇಳಿಬಿಟ್ಟು, ಆ ತುಂಡನ್ನು ಕುಂಡಕ್ಕೆಂದೇ ಬಿಟ್ಟುಕೊಳ್ಳುತ್ತಾರೆ.